ಫೈನಲ್‌ನಲ್ಲಿ 36 ಬಂದ್ರೂ ಗಣಿತಕ್ಕೆ ಬಿ ಪ್ಲಸ್ ಹೇಗೆ? ಎಫ್‌ಎ ಎಸ್‌ಎ ಲೆಕ್ಕ ಗೊತ್ತಿರೋರು ಸ್ವಲ್ಪ ಹೇಳಿ

ನಾಪೋಕ್ಲು_ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು, ಸ್ಟೇಟ್ ಸಿಲಬಸ್, ನಾಪೋಕ್ಲು ಕಡೆ ಶಾಲೆ. ನಿನ್ನೆ ಪ್ರಗತಿ ಪತ್ರ ಕೊಟ್ರು, ಗಣಿತಕ್ಕೆ ಬಿ ಪ್ಲಸ್ ಅಂತಿದೆ. ವರ್ಷದ ಕೊನೇ ಪರೀಕ್ಷೆ ಎಸ್‌ಎ 2ರ ಪೇಪರ್ ನಾನೇ ನೋಡಿದೀನಿ, ಮೌಖಿಕ ಎಲ್ಲ ಸೇರಿ 50ಕ್ಕೆ 36, ಅಂದ್ರೆ 72 ಪರ್ಸೆಂಟ್ ಆಯ್ತಲ್ಲ. ಚಟುವಟಿಕೆ ಎಲ್ಲ ಚೆನ್ನಾಗೇ ಮಾಡಿದಾಳೆ, ವರ್ಷದ ನಡುವೆ ಮಾಡೋ ಎಫ್‌ಎ ಟೆಸ್ಟ್‌ಗಳಲ್ಲೂ ಕಮ್ಮಿ ಬಂದಿಲ್ಲ ಅಂತಾಳೆ. 70ರ ಮೇಲೆ ಎ ಅಂತ ಕಾರ್ಡ್ ಹಿಂದೆನೇ ಪ್ರಿಂಟ್ ಇದೆ. ಹಾಗಿದ್ಮೇಲೆ ಬಿ ಪ್ಲಸ್ ಯಾಕೆ? ಅವಳು ನಿನ್ನೆಯಿಂದ ಸಪ್ಪಗಿದಾಳೆ, ನಂಗೂ ಬೇಜಾರು. ಹೋಗಿ ಕೇಳೋಕೆ ಮುಂಚೆ ಲೆಕ್ಕ ಅರ್ಥ ಮಾಡ್ಕೊಂಡು ಹೋಗೋಣ ಅಂತ ಇಲ್ಲಿ ಕೇಳ್ತಿದೀನಿ.

ಕುಶಾಲನಗರ_ಅಪ್ಪ
ಮೇಡಂ ಇದು ಸಿಂಪಲ್. ಎಫ್‌ಎಗೆ 40, ಎಸ್‌ಎಗೆ 60. ಎಫ್‌ಎ ನಾಲ್ಕು, ಒಂದೊಂದಕ್ಕೆ 10. ಎಸ್‌ಎ ಎರಡು, ಒಂದೊಂದಕ್ಕೆ 30. ನಿಮ್ಮ ಮಗಳಿಗೆ ದಸರಾ ಮುಂಚಿನ ಎಸ್‌ಎ 1ರಲ್ಲಿ ಕಮ್ಮಿ ಬಂದಿರ್ಬೇಕು, ಅದು 30 ಪರ್ಸೆಂಟ್ ಎಳೆದುಬಿಡುತ್ತೆ. ನಮ್ಮ ದೊಡ್ಡವನಿಗೆ ಹೀಗೇ ಆಗಿತ್ತು. ಎಸ್‌ಎ ಚೆನ್ನಾಗಿ ಬರೆದವರಿಗೆ ಮಾತ್ರ ಗ್ರೇಡ್, ಮಿಕ್ಕಿದ್ದೆಲ್ಲ ನೆಪಕ್ಕೆ.

ನಾಪೋಕ್ಲು_ಅಮ್ಮ
ಎಸ್‌ಎ 1ರಲ್ಲಿ ಕಮ್ಮೀನೇ ಸರ್, ಹೌದು, 29 ಬಂದಿತ್ತು. ಆದ್ರೆ ನಮ್ಮ ಕಾರ್ಡಲ್ಲಿ ಎಫ್‌ಎ ಕಾಲಂ ಮೇಲೆ 15 ಅಂತ ಇದೆ, ಎಸ್‌ಎ ಮೇಲೆ 20 ಅಂತ ಇದೆ, ನೀವು ಹೇಳಿದ 10, 30 ಎಲ್ಲೂ ಇಲ್ಲ. ಗಣಿತದ ಸಾಲು ಹಾಗೇ ಇಲ್ಲಿ ಹಾಕ್ತೀನಿ. ಎಫ್‌ಎ 1 ಗೆ 11, ಎಫ್‌ಎ 2 ಗೆ 8, ಎಸ್‌ಎ 1 ಗೆ 12, ಎಫ್‌ಎ 3 ಗೆ 12, ಎಫ್‌ಎ 4 ಗೆ 12, ಎಸ್‌ಎ 2 ಗೆ 14. ಒಟ್ಟು 69.

ಸೋಮವಾರಪೇಟೆ_ಮೇಷ್ಟ್ರು
ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಗಣಿತ ವಿಜ್ಞಾನ ಮಾಡ್ತೀನಿ, ಅಂಕವಹಿ ಬರೆಯೋ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬರುತ್ತೆ, ಹಾಗಾಗಿ ಹೇಳ್ತೀನಮ್ಮ.

ಕುಶಾಲನಗರದ ಸರ್ ಹೇಳಿದ್ದು ಸಿಬಿಎಸ್‌ಇಯ ಹಳೇ ಸಿಸಿಇ ಲೆಕ್ಕ, 10 10 30, ಮತ್ತೆ 10 10 30. ಅದನ್ನ ಅವರು 2017ರಲ್ಲಿ ಕೈಬಿಟ್ರು. ನಮ್ಮ ರಾಜ್ಯದ ಪ್ರಾಥಮಿಕದಲ್ಲಿ ಎಫ್‌ಎ ಒಂದೊಂದಕ್ಕೆ 15, ನಾಲ್ಕಕ್ಕೆ 60. ಎಸ್‌ಎ ಒಂದೊಂದಕ್ಕೆ 20, ಎರಡಕ್ಕೆ 40. ಅಂದ್ರೆ ಉಲ್ಟಾ. ನಿಮ್ಮ ಕಾರ್ಡ್ ಸರಿಯಾಗೇ ಇದೆ.

ಈಗ ಅಂಕ ಇಳಿಸೋದು ಹೇಗೆ ಅಂತ. ಎಫ್‌ಎ ನಾವು ನಡೆಸೋದು 50ಕ್ಕೆ. ಎರಡು ಚಟುವಟಿಕೆ, 15 ಮತ್ತು 15, ಆಮೇಲೆ 20ಕ್ಕೆ ಒಂದು ಕಿರು ಪರೀಕ್ಷೆ. ಆ 50ನ್ನ 15ಕ್ಕೆ ಇಳಿಸ್ಬೇಕು, ಅಂದ್ರೆ ಬಂದ ಅಂಕಕ್ಕೆ 0.3 ಗುಣಿಸ್ಬೇಕು. ಎಸ್‌ಎ ಲಿಖಿತ 40, ಮೌಖಿಕ 10, ಸೇರಿ 50, ಅದನ್ನ 20ಕ್ಕೆ ಇಳಿಸೋಕೆ 0.4 ಗುಣಿಸ್ಬೇಕು. ಮಗೂದು 36 ಅಂದ್ರೆ 14.4, ಕಾರ್ಡಲ್ಲಿ 14 ಅಂತ ಬಂದಿದೆ. 29 ಅಂದ್ರೆ 11.6, ಅದು 12 ಆಗಿದೆ. ಎರಡೂ ಸರಿ ಇದೆ.

ಇನ್ನು ಕಾರ್ಡಿಂದ ಹಿಂದಕ್ಕೆ ಹೋಗಿ ನೋಡಿ. ಎಫ್‌ಎ 1ರಲ್ಲಿ 11 ಬರ್ಬೇಕು ಅಂದ್ರೆ 50ಕ್ಕೆ 35ರಿಂದ 38ರ ಒಳಗೆ ಬಂದಿರ್ಬೇಕು. ಎಫ್‌ಎ 3, 4ರಲ್ಲಿ 12 ಇದೆ, ಅಲ್ಲಿ 39ರಿಂದ 41. ಎಫ್‌ಎ 2 ಮಾತ್ರ 8, ಅಂದ್ರೆ 25ರಿಂದ 28. ಮೂರು ಸಲ ಒಂದೇ ಹದದಲ್ಲಿ ಬಂದ ಮಗು ನಡುವೆ ಒಂದ್ಸಲ ಮಾತ್ರ ಹತ್ತು ಹನ್ನೆರಡು ಅಂಕ ಕೆಳಗೆ ಬಿದ್ರೆ ನಂಗೆ ಮೊದಲು ಬರೋ ಅನುಮಾನ ಕಿರು ಪರೀಕ್ಷೆ ಮೇಲೆ. ಚಟುವಟಿಕೆ ಎರಡರಲ್ಲಿ 30ಕ್ಕೆ ಇಪ್ಪತ್ತೈದೋ ಇಪ್ಪತ್ತಾರೋ ಬಂದು, ಆ 20ರ ಟೆಸ್ಟ್ ಕಾಲಂ ಖಾಲಿ ಇದ್ರೆ ಸರಿಯಾಗಿ ಇಷ್ಟೇ ಬರುತ್ತೆ. ಎಫ್‌ಎ 2 ನಡೆದ ಆಗಸ್ಟಲ್ಲಿ ಮಗು ಶಾಲೆಗೆ ಹೋಗಿಲ್ವಾ ಏನಾದ್ರೂ?

ನಾಪೋಕ್ಲು_ಅಮ್ಮ
ಅಯ್ಯೋ ಹೌದು ಮೇಷ್ಟ್ರೇ. ಆಗ ಮಳೆಗೆ ಡಿಸಿ ರಜೆ ಮೇಲೆ ರಜೆ ಕೊಟ್ಟಿದ್ರು, ರಜೆ ಮುಗಿದು ಶಾಲೆ ಶುರು ಆಗೋ ಹೊತ್ತಿಗೆ ಇವಳಿಗೆ ಜ್ವರ, ನಮ್ಮ ಕಡೆ ರಸ್ತೆ ಮೇಲೆ ನೀರು ಬೇರೆ. ಬೇರೆ ಮಕ್ಕಳಿಗೆ ಟೆಸ್ಟ್ ಮುಗಿದಿತ್ತು. ಆದ್ರೆ ಆಮೇಲೆ ಮಿಸ್ ಇವಳಿಗೂ ಇನ್ನು ಕೆಲವು ಮಕ್ಕಳಿಗೂ ಒಂದು ಶನಿವಾರ ಕೂರಿಸಿ ಬರೆಸಿದ್ರು ಅಂತ ಹೇಳಿದ್ಲು. ಬರೆದಿದಾಳೆ ಅದನ್ನ.

ಸೋಮವಾರಪೇಟೆ_ಮೇಷ್ಟ್ರು
ಹಾಗಾದ್ರೆ ಆ ಪೇಪರ್ ಎಲ್ಲಿದೆ ಅಂತ ನೋಡ್ಬೇಕು. ಮಕ್ಕಳದ್ದು ಕೃತಿ ಸಂಪುಟ ಅಂತ ಒಂದು ಫೈಲ್ ಇರುತ್ತೆ, ಚಟುವಟಿಕೆ ಹಾಳೆ, ಕಿರು ಪರೀಕ್ಷೆ ಹಾಳೆ ಎಲ್ಲ ಅದರಲ್ಲಿ ಹಾಕಿಡ್ತೀವಿ. ಆ ಫೈಲ್ ತೋರಿಸಿ ಅಂತ ಕೇಳಿ, ಅದರ ಜೊತೆಗೆ ಅಂಕವಹಿಲಿ ಎಫ್‌ಎ 2ರ ಮೂರು ಕಾಲಂ ಬೇರೆ ಬೇರೆಯಾಗಿ ತೋರಿಸಿ ಅಂತಾನೂ ಕೇಳಿ. ಕಾರ್ಡಲ್ಲಿ ಇಳಿಸಿದ ಅಂಕ ಮಾತ್ರ ಇರೋದ್ರಿಂದ ಅಲ್ಲಿ ಏನಾಯ್ತು ಅಂತ ಕಾಣಲ್ಲ, ಅಂಕವಹಿಲಿ ಕಾಣುತ್ತೆ. ಜಗಳದ ಥರ ಹೋಗ್ಬೇಡಿ ಅಮ್ಮ, ಮಳೆಗಾಲದಲ್ಲಿ ತಡವಾಗಿ ಬರೆಸಿದ ಟೆಸ್ಟ್ ಅಂಕ ಟೀಚರ್ ನೋಟ್‌ಬುಕ್ಕಲ್ಲೇ ಉಳಿದು ವಹಿಗೆ ಬರದೇ ಇರೋದು ನಮ್ಮ ಜಿಲ್ಲೇಲಿ ತುಂಬಾ ನಡೆಯುತ್ತೆ. ಉಳಿದ ಮಕ್ಕಳದ್ದೆಲ್ಲ ಒಂದೇ ದಿನ ಏರಿಸಿರ್ತಾರೆ, ಈ ಏಳೆಂಟು ಜನರದ್ದು ಆಮೇಲೆ ನೆನಪಿಟ್ಟು ಏರಿಸ್ಬೇಕು.

ವಿರಾಜಪೇಟೆ_ಆಫೀಸ್
ನಾನೊಂದು ಅನುದಾನಿತ ಶಾಲೆ ಆಫೀಸಲ್ಲಿ ಕೆಲಸ ಮಾಡೋದು, ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಈಗ ಎಲ್ಲ ಎಕ್ಸೆಲ್ ಶೀಟಲ್ಲಿ ಮಾಡ್ತೀವಿ ಅಲ್ವಾ, ಖಾಲಿ ಸೆಲ್ ಇದ್ರೆ ಎಕ್ಸೆಲ್ ಅದನ್ನ ಸೊನ್ನೆ ಅಂತ್ಲೇ ತಗೊಂಡು ಲೆಕ್ಕ ಮಾಡ್ಬಿಡುತ್ತೆ, ಎರರ್ ಕೊಡಲ್ಲ, ಕೆಂಪು ಮಾಡಲ್ಲ. ಗೈರು ಅಂತ ಅಕ್ಷರ ಹಾಕಿದ್ರೂ ಸಮ್ ಫಾರ್ಮುಲಾ ಅದನ್ನ ಬಿಟ್ಟು ಮಿಕ್ಕಿದ್ದು ಕೂಡುತ್ತೆ. ಅದಕ್ಕೆ ನಾನು ಕಾರ್ಡ್ ಪ್ರಿಂಟ್ ಕೊಡೋ ಮೊದಲು ಖಾಲಿ ಸೆಲ್ ಎಷ್ಟಿದೆ ಅಂತ ಎಣಿಸಿ ನೋಡ್ತೀನಿ.

ಇನ್ನೊಂದು ವಿಷ್ಯ ಇದೆ, ಅದು ರೌಂಡ್ ಮಾಡೋದು. ಈ ಅಮ್ಮನ ಕಾರ್ಡಲ್ಲಿ ಆರೂ ಕಾಲಂ ಮೊದಲೇ ರೌಂಡ್ ಆಗಿದೆ, ಆಮೇಲೆ ಕೂಡಿದಾರೆ. ನಾನು ಮಾಡೋದು ಹಾಗಲ್ಲ, ಎಲ್ಲ ದಶಮಾಂಶದಲ್ಲೇ ಕೂಡಿ ಕೊನೇಲಿ ಒಂದೇ ಸಲ ರೌಂಡ್ ಮಾಡ್ತೀನಿ. ಶೀಟಲ್ಲಿ ಸಿ ಡಿ ಎಫ್ ಜಿ ಕಾಲಂ ಎಫ್‌ಎ, ಇ ಎಚ್ ಕಾಲಂ ಎಸ್‌ಎ:

```
=ROUND((C4+D4+F4+G4)*0.3+(E4+H4)*0.4,0)
```

ಇದರಿಂದ ಗ್ರೇಡೇ ಬದಲಾಗುತ್ತೆ. ಒಂದು ಮಗುಗೆ ನಾಲ್ಕು ಎಫ್‌ಎಲೂ 37 37 ಬಂತು ಅನ್ಕೊಳ್ಳಿ, ಎಸ್‌ಎ 32 ಮತ್ತು 31. ಕಾಲಂ ಕಾಲಂ ರೌಂಡ್ ಮಾಡಿದ್ರೆ 11 ನಾಲ್ಕು ಸಲ 44, ಅದಕ್ಕೆ 13 ಮತ್ತು 12, ಒಟ್ಟು 69, ಬಿ ಪ್ಲಸ್. ಕೊನೇಲಿ ರೌಂಡ್ ಮಾಡಿದ್ರೆ 44.4 ಪ್ಲಸ್ 25.2, ಅಂದ್ರೆ 69.6, ಅದು 70, ಎ ಗ್ರೇಡ್. ಮಗು ಅದೇ, ಅಂಕನೂ ಅದೇ.

ಸೋಮವಾರಪೇಟೆ_ಮೇಷ್ಟ್ರು
ಇದು ನಿಜ ಸರ್, ಆದ್ರೆ ಈ ಮಗೂ ಕೇಸಲ್ಲಿ ರೌಂಡಿಂಗ್ ಕಾರಣ ಅಲ್ಲ ಅಂತ ನನ್ನ ಅನಿಸಿಕೆ. ಟೆಸ್ಟ್ ಖಾಲಿ ಇದ್ರೆ ಹೇಗೆ ಮಾಡಿದ್ರೂ 69ರ ಹತ್ತಿರವೇ ನಿಲ್ಲುತ್ತೆ. ಕಾಲಂ ಕಾಲಂ ರೌಂಡ್ ಮಾಡೋದು ನಮ್ಮಲ್ಲಿ ಕೈಬರಹದ ವಹಿ ಇದ್ದ ಕಾಲದಿಂದ ಬಂದ ಅಭ್ಯಾಸ, ಒಂದೊಂದು ಎಫ್‌ಎ ಮುಗಿದಾಗ ಅವತ್ತೇ ಗ್ರೇಡ್ ಹಾಕಿ ಮನೆಗೆ ತೋರಿಸ್ಬೇಕಿತ್ತು, ಅದಕ್ಕೆ ಪೂರ್ಣಾಂಕ ಮಾಡ್ತಿದ್ರು. ನೀವು ಮಾಡೋದು ಮಗೂಗೆ ನ್ಯಾಯ, ಒಪ್ತೀನಿ. ಆದ್ರೆ ಒಂದೇ ಶಾಲೇಲಿ ಒಂದು ಕ್ಲಾಸು ಹೀಗೆ ಇನ್ನೊಂದು ಹಾಗೆ ಆಗಬಾರದು.

ಮಡಿಕೇರಿ_ರಫೀಕ್
ನನ್ನ ಮಗ ಹತ್ತನೇ, ಎಫ್‌ಎ ನಾಲ್ಕೂ ಸೇರಿ 171 ಬಂದಿದೆ. ಇದರಲ್ಲಿ 60 ಪರ್ಸೆಂಟ್ ತಗೊಂಡ್ರೆ 51 ಆಯ್ತು, ಅಂದ್ರೆ ಬೋರ್ಡ್ ಪರೀಕ್ಷೆ ಬರೆಯೋ ಮೊದಲೇ ಅವನು ಪಾಸು ಅಂತ ಆಯ್ತಲ್ವಾ? ಮನೇಲಿ ಎಲ್ಲರಿಗೂ ಖುಷಿ.

ಸೋಮವಾರಪೇಟೆ_ಮೇಷ್ಟ್ರು
ಇಲ್ಲ ಭಾಯ್, ಹತ್ತನೇದು ಬೇರೆ. ಎಸ್ಸೆಸ್ಸೆಲ್ಸಿಲಿ ಗಣಿತ ವಿಜ್ಞಾನದಂಥ ವಿಷಯಕ್ಕೆ ಲಿಖಿತ 80, ಆಂತರಿಕ 20. ನಾಲ್ಕು ಎಫ್‌ಎ 50 50 ಸೇರಿ 200, ಅದನ್ನ 20ಕ್ಕೆ ಇಳಿಸ್ತಾರೆ, ಅಂದ್ರೆ ಹತ್ತರಿಂದ ಭಾಗಿಸೋದು. ನಿಮ್ಮ ಮಗನ 171ಕ್ಕೆ 17 ಸಿಗುತ್ತೆ, ಅದು ಒಳ್ಳೆ ಅಂಕವೇ. ಆದ್ರೆ ಲಿಖಿತದಲ್ಲೂ ಅಂಕ ಬರಲೇಬೇಕು, 17 ಇದೆ ಅಂತ ಅದರಿಂದ ಪಾಸಾಗಲ್ಲ. ಓದೋಕೆ ಹೇಳಿ ಅವನಿಗೆ.

ಗೋಣಿಕೊಪ್ಪ_ಟೀಚರ್
ಇಲ್ಲಿ ಒಂದು ಮಾತು ಹೇಳಲೇಬೇಕು ನಂಗೆ. ನಾನು ಖಾಸಗಿ ಶಾಲೇಲಿ ಪಾಠ ಮಾಡೋಳು. ಕುಶಾಲನಗರದ ಅಣ್ಣ ಪಾಲು ತಪ್ಪು ಹೇಳಿದ್ರೂ, ಕೊನೆಗೆ ಗ್ರೇಡ್ ನಿರ್ಧಾರ ಮಾಡೋದು ಎಸ್‌ಎ ಅಂದ್ರಲ್ಲ, ಅದು ನಮ್ಮಂಥ ಶಾಲೆಗಳಲ್ಲಿ ನಿಜ. ಯಾಕೆ ಅಂದ್ರೆ ಎಫ್‌ಎಲಿ ನಾವು ಎಲ್ಲ ಮಕ್ಕಳಿಗೂ 45ರಿಂದ 48 ಕೊಟ್ಟುಬಿಡ್ತೀವಿ. ಚಾರ್ಟ್ ತಂದ್ರೆ 14, ಮಾಡೆಲ್ ತಂದ್ರೆ 14, ಅಪ್ಪ ಅಮ್ಮ ಮಾಡಿಕೊಟ್ಟಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ ಆದ್ರೂ 14. 45 ಅಂದ್ರೆ 13.5, 48 ಅಂದ್ರೆ 14.4. ಕ್ಲಾಸಿನ ಜಾಣ ಮಗುಗೂ ಹಿಂದುಳಿದ ಮಗುಗೂ ಒಂದು ಎಫ್‌ಎಲಿ ಒಂದು ಅಂಕದಷ್ಟೂ ವ್ಯತ್ಯಾಸ ಇಲ್ಲ. ಎಸ್‌ಎಲಿ ಒಬ್ಬರಿಗೆ 20 ಬರುತ್ತೆ ಒಬ್ಬರಿಗೆ 45, ಇಳಿಸಿದ್ರೆ 8 ಮತ್ತು 18, ಹತ್ತು ಅಂಕ ಅಂತರ. ಕಾಗದದ ಮೇಲೆ ಎಫ್‌ಎಗೆ 60 ಇದ್ರೂ ಮಕ್ಕಳ ನಡುವೆ ವ್ಯತ್ಯಾಸ ತೋರಿಸೋದು ಆ 40 ಮಾತ್ರ.

ಇನ್ನೂ ಬೇಜಾರಿನ ವಿಷ್ಯ ಅಂದ್ರೆ, ನಾಲ್ಕು ಎಫ್‌ಎಲೂ 47 ಬಂದ ಮಗುಗೆ ಆಗಲೇ 56.4 ಕೈಲಿದೆ. ಎರಡೂ ಎಸ್‌ಎಲಿ 50ಕ್ಕೆ ಬರೀ 17 17 ಬಂದ್ರೆ 13.6, ಒಟ್ಟು ಸರಿಯಾಗಿ 70. ಎ ಗ್ರೇಡ್! ಭಿನ್ನರಾಶಿ ಕೂಡೋಕೆ ಬರದ ಮಗು ಎ ಗ್ರೇಡ್ ಕಾರ್ಡ್ ಹಿಡಿದು ಮನೆಗೆ ಹೋಗುತ್ತೆ, ತಂದೆ ತಾಯಿ ಚೆನ್ನಾಗಿ ಓದ್ತಿದೆ ಅಂತ ಸುಮ್ಮನಿರ್ತಾರೆ, ಹತ್ತನೇಗೆ ಬಂದಾಗ ಪಾಲು 80 20 ಆಗುತ್ತಲ್ಲ ಆಗ ಅದೇ ಮಗುಗೆ ಲಿಖಿತದಲ್ಲಿ 27, ಆಂತರಿಕ 19, 46ಕ್ಕೆ ಬಂದು ನಿಲ್ಲುತ್ತೆ. ಆಗ ಬಂದು ನಮ್ಮ ಮಗು ಯಾವಾಗ ಹಾಳಾಯ್ತು ಅಂತ ಕೇಳ್ತಾರೆ. ನಂಗೆ ಉತ್ತರ ಕೊಡೋಕೆ ಆಗಲ್ಲ.

ಸೋಮವಾರಪೇಟೆ_ಮೇಷ್ಟ್ರು
ಟೀಚರ್ ನೀವು ಹೇಳಿದ ಲೆಕ್ಕ ಪೂರ್ತಿ ಸರಿ. ಆದ್ರೆ ತಪ್ಪು ಪಾಲಿನದ್ದಲ್ಲ, ಅಂಕ ಕೊಡೋ ರೀತಿದು. ಎಫ್‌ಎಗೆ 60 ಇಟ್ಟಿದ್ದೇ ಮಗು ಕಲಿಯೋ ದಾರೀಲಿ ಎಲ್ಲಿ ಎಡವಿದೆ ಅಂತ ಜುಲೈಲೇ ಗೊತ್ತಾಗಲಿ, ಮಾರ್ಚಿಗೆ ಕಾಯೋದು ಬೇಡ ಅಂತ. ನಾನು ಚಟುವಟಿಕೆ ಶಾಲೇಲೇ ಮಾಡಿಸ್ತೀನಿ, ಮನೆಗೆ ಕೊಡಲ್ಲ. ಹೋದ ಸಲ ವಿಸ್ತೀರ್ಣ ಪಾಠಕ್ಕೆ ಶಾಲೆ ಅಂಗಳದಲ್ಲಿ ಕಾಫಿ ಒಣಗಿಸೋ ಕಣದ ಅಳತೆ ಗೆರೆ ಎಳೆಸಿದೆ, ಹಗ್ಗ ಹಿಡಿದು ಅಳೆದು ಚದರ ಮೀಟರ್ ಲೆಕ್ಕ ಹಾಕ್ಬೇಕು. 15 ಅಂಕನ್ನ ಮೂರು ಭಾಗ ಮಾಡಿದೆ, ಅಳತೆ ಸರಿ ತಗೊಂಡಿದ್ದಕ್ಕೆ 5, ಸೂತ್ರ ಆರಿಸಿ ಲೆಕ್ಕ ಮಾಡಿದ್ದಕ್ಕೆ 5, ಹೇಗೆ ಮಾಡಿದ್ರಿ ಅಂತ ಕೇಳಿದಾಗ ತಾನೇ ವಿವರಿಸಿದ್ದಕ್ಕೆ 5. ಹಾಗೆ ಮಾಡಿದಾಗ 6 ಬಂದ ಮಗುನೂ ಇತ್ತು, 14 ಬಂದ ಮಗುನೂ ಇತ್ತು. 6 ಬಂದವನು ಸುತ್ತಳತೆನೇ ವಿಸ್ತೀರ್ಣ ಅಂದ್ಕೊಂಡಿದ್ದ, ಅದು ಎಸ್‌ಎ ಪೇಪರಲ್ಲಿ ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ, ಬರೀ ತಪ್ಪು ಅಂತ ಗೀಟು ಹಾಕ್ತಿದ್ದೆ.

ಗೋಣಿಕೊಪ್ಪ_ಟೀಚರ್
ನೀವು ಮಾಡ್ತೀರ ಸರ್, ಸಂತೋಷ. ನಮ್ಮಲ್ಲಿ 6 ಕೊಟ್ರೆ ಮಾರನೇ ದಿನ ಪೋಷಕರು ಆಫೀಸಲ್ಲಿ ಕೂತಿರ್ತಾರೆ. 60 ಪಾಲು ನಮ್ಮ ಕೈಲಿರೋವರೆಗೂ ಈ ಒತ್ತಡ ಇದ್ದೇ ಇರುತ್ತೆ. ನಂಗಂತೂ 40 60 ಇದ್ದಿದ್ರೇ ಮೇಲಿತ್ತು ಅನ್ಸುತ್ತೆ.

ಕುಶಾಲನಗರ_ಅಪ್ಪ
ನಾನೂ ಅದೇ ಹೇಳ್ತಿರೋದು. ಪರೀಕ್ಷೆ ಅಂದ್ರೆ ಪರೀಕ್ಷೆ, ಎಲ್ಲರಿಗೂ ಒಂದೇ ಪೇಪರ್, ಒಂದೇ ಟೈಮು.

ಸೋಮವಾರಪೇಟೆ_ಮೇಷ್ಟ್ರು
ನಾನು ಒಪ್ಪಲ್ಲ. ಕೂಲಿ ಕೆಲಸದವರ ಮಕ್ಕಳು ಇರೋ ಶಾಲೇಲಿ ಒಂದೇ ಪೇಪರ್ ಮೇಲೆ 60 ಇಟ್ರೆ ಆ ಮಕ್ಕಳು ಏನು ಕಲಿತಿದಾರೆ ಅನ್ನೋದು ಕಾಣೋದೇ ಇಲ್ಲ.

ಸಿದ್ದಾಪುರ_ಲೈನ್‌ಮನೆ
ಮೇಷ್ಟ್ರು ಕೆಲಸದವರ ಮಕ್ಕಳ ಮಾತು ತೆಗೆದ್ರಲ್ಲ, ಅದಕ್ಕೆ ಕೇಳ್ತೀನಿ. ನಾನು ಶಾಲೆಯ ಎಸ್‌ಡಿಎಂಸಿ ಸಮಿತಿ ಮೆಂಬರ್. ನಮ್ಮ ಕಡೆ ಎಸ್ಟೇಟ್ ಲೈನ್‌ಗೆ ಕಾಫಿ ಕೊಯ್ಲು ಟೈಮಿಗೆ ಅಸ್ಸಾಂ ಕಡೆಯಿಂದ ಕುಟುಂಬ ಬರ್ತಾವೆ, ಮಕ್ಕಳನ್ನ ಶಾಲೆಗೆ ಸೇರಿಸ್ತೀವಿ, ಬರೋದು ದಸರಾ ಕಳೆದ ಮೇಲೆ. ಎಫ್‌ಎ 1, 2, ಎಸ್‌ಎ 1 ಯಾವುದೂ ಇಲ್ಲ, ಹಿಂದಿನ ಶಾಲೆ ಕಾಗದನೂ ಇಲ್ಲ. ಉಳಿಯೋದು ಎಫ್‌ಎ 3, 4, ಎಸ್‌ಎ 2, ಅಂದ್ರೆ 15 15 20, ಒಟ್ಟು 50. ಹೋದ ವರ್ಷ ಒಂದು ಹುಡುಗಿಗೆ ಆ 50ಕ್ಕೆ 38 ಬಂತು, ಕನ್ನಡ ಬರದೇ ಇದ್ದ ಮಗು ನಾಲ್ಕು ತಿಂಗಳಲ್ಲಿ ಅಷ್ಟು ಮಾಡಿದ್ಲು. ಹಾಗೇ ಬರೆದ್ರೆ 100ಕ್ಕೆ 38, ಬಿ ಗ್ರೇಡ್. ಎರಡರಿಂದ ಗುಣಿಸಿದ್ರೆ 76, ಎ ಗ್ರೇಡ್. ನಮ್ಮಲ್ಲಿ 38 ಅಂತ್ಲೇ ಬರೆದ್ರು. ಸರೀನಾ ಅದು?

ವಿರಾಜಪೇಟೆ_ಆಫೀಸ್
ನಾವು ಇರೋ 50ನ್ನ 100 ಮಾಡಿ ಪಕ್ಕದಲ್ಲಿ ಷರಾ ಬರೀತೀವಿ, ಮಧ್ಯದಲ್ಲಿ ದಾಖಲಾತಿ ಅಂತ. ಇಲ್ದೇ ಇದ್ದ ದಿನಕ್ಕೆ ಸೊನ್ನೆ ಹಾಕೋದು ತಪ್ಪು.

ಸೋಮವಾರಪೇಟೆ_ಮೇಷ್ಟ್ರು
ನಾನು ಮಾಡೋದು ಬೇರೆ. ಬಂದ ತಕ್ಷಣ ಮೊದಲ ಅವಧಿಯ ಮುಖ್ಯ ಪಾಠದ ಮೇಲೆ ಚಿಕ್ಕ ಚಟುವಟಿಕೆ, ಟೆಸ್ಟ್ ಮಾಡಿಸಿ ಎಫ್‌ಎ 1, 2 ಅಂಕ ತುಂಬಿಸ್ತೀನಿ. ಯಾಕೆ ಅಂದ್ರೆ ಎರಡು ಪಟ್ಟು ಮಾಡಿದ್ರೆ ಆ ಮಗುಗೆ ಮೊದಲ ಅರ್ಧದ ಪಾಠ ಬರುತ್ತೆ ಅಂತ ನಾವು ಸುಳ್ಳು ಬರೆದ ಹಾಗಾಗುತ್ತೆ, ಮುಂದಿನ ಕ್ಲಾಸ್ ಟೀಚರ್‌ಗೆ ಗೊತ್ತೇ ಆಗಲ್ಲ. ಆದ್ರೆ ಕನ್ನಡ ಬರದ ಮಗುಗೆ ಬಂದ ವಾರವೇ ಟೆಸ್ಟ್ ಕೊಟ್ರೆ ಅಂಕ ಭಾಷೆದಾಗುತ್ತೆ, ಗಣಿತದ್ದಾಗಲ್ಲ, ಅದೂ ಇದೆ. ಇದಕ್ಕೆ ಪೂರ್ತಿ ಸಮಾಧಾನ ಆಗೋ ದಾರಿ ನಂಗೆ ಸಿಕ್ಕಿಲ್ಲ. 38 ಅಂತ ಮಾತ್ರ ಬರೆದಿದ್ದು ಅನ್ಯಾಯ, ಅದನ್ನ ಹೇಳ್ತೀನಿ.

ಸಿದ್ದಾಪುರ_ಲೈನ್‌ಮನೆ
ಈ ಸಲ ಮೀಟಿಂಗಲ್ಲಿ ಎರಡೂ ಹೇಳ್ತೀನಿ. ಆ ಕುಟುಂಬ ಈಗ ಊರಿಗೆ ಹೋಗಿದೆ, ಮಗು ಆ ಕಾರ್ಡ್ ತಗೊಂಡೇ ಹೋಗಿದೆ.

ನಾಪೋಕ್ಲು_ಅಮ್ಮ
ಇವತ್ತು ಶಾಲೆಗೆ ಹೋಗಿ ಬಂದೆ, ಮೇಷ್ಟ್ರು ಹೇಳಿದ ಹಾಗೇ ಫೈಲ್, ಅಂಕವಹಿ ಎರಡೂ ಕೇಳಿದೆ. ಮಿಸ್ ಬೇಜಾರಿಲ್ದೆ ತೆಗೆದು ತೋರಿಸಿದ್ರು. ಎಫ್‌ಎ 2ರ ಸಾಲಲ್ಲಿ ಚಟುವಟಿಕೆ 13, 12, ಟೆಸ್ಟ್ ಕಾಲಂನಲ್ಲಿ ಪೆನ್ಸಿಲಲ್ಲಿ ಗೈ ಅಂತ ಬರೆದಿದೆ, ಮುಂದೆ 25, ಅದರ ಮುಂದೆ 8. ಫೈಲಲ್ಲಿ ಹುಡುಕಿದಾಗ ಆ ಶನಿವಾರದ ಟೆಸ್ಟ್ ಹಾಳೆ ಸಿಕ್ತು, ಮಿಸ್ಸೇ ಕೆಂಪು ಪೆನ್ನಲ್ಲಿ 13 ಅಂತ ಹಾಕಿದಾರೆ, ಸಹಿನೂ ಇದೆ. ಅವರಿಗೇ ತುಂಬಾ ಬೇಜಾರಾಯ್ತು. ಅವತ್ತು ಬರೆದ ಉಳಿದ ಮಕ್ಕಳದ್ದೂ ತೆಗೆದು ನೋಡಿದ್ರು, ಇನ್ನಿಬ್ಬರದ್ದೂ ಹೀಗೇ ಬಿಟ್ಟುಹೋಗಿದೆ.

ಸೋಮವಾರಪೇಟೆ_ಮೇಷ್ಟ್ರು
ಹಾಗಾದ್ರೆ 25 ಪ್ಲಸ್ 13, 38. ಇಳಿಸಿದ್ರೆ 11.4. ಅವರ ಪದ್ಧತೀಲಿ 8 ಹೋಗಿ 11 ಬರುತ್ತೆ, 69 ಇದ್ದಿದ್ದು 72. ಎರಡು ರೀತೀಲೂ ಎ. ಹಳೇ ಅಂಕನ್ನ ಇಲಾಖೆಯ ಆನ್‌ಲೈನ್ ಸ್ಯಾಟ್ಸಲ್ಲಿ ಏರಿಸಿಬಿಟ್ಟಿದಾರಾ ಕೇಳಿದ್ರಾ?

ನಾಪೋಕ್ಲು_ಅಮ್ಮ
ಏರಿಸಿದಾರೆ. ವಹಿ ಮತ್ತು ಕಾರ್ಡ್ ಇವತ್ತೇ ತಿದ್ದಿ ಎಚ್‌ಎಂ ಸಹಿ ಹಾಕಿಕೊಟ್ರು, ಆನ್‌ಲೈನ್‌ದು ಬಿಇಒ ಆಫೀಸಲ್ಲಿ ಕೇಳಿ ಹೇಳ್ತೀವಿ ಅಂದ್ರು. ಇನ್ನಿಬ್ಬರು ಮಕ್ಕಳ ಮನೆಗೆ ನಾನೇ ಫೋನ್ ಮಾಡಿ ತಿಳಿಸಿದೆ, ಒಬ್ಬರು ಭಾಗಮಂಡಲ ಕಡೆಯವರು, ನೆಟ್‌ವರ್ಕ್ ಸಿಕ್ತಿಲ್ಲ, ಸಂಜೆ ಮತ್ತೆ ಮಾಡ್ತೀನಿ. ಮೇಷ್ಟ್ರೇ, ಒಂದು ಕೇಳ್ಲಾ, ಎಸ್‌ಎ 1ರಲ್ಲಿ 29 ಬಂದಿದ್ದು ಯಾವ ಪಾಠದಿಂದ ಅಂತ ನೋಡ್ಬೇಕು ಅಂದ್ರೆ ಆ ಉತ್ತರ ಪತ್ರಿಕೆ ಇನ್ನೂ ಶಾಲೇಲಿ ಇರುತ್ತಾ?

ಸೋಮವಾರಪೇಟೆ_ಮೇಷ್ಟ್ರು
ಇರಬೇಕಮ್ಮ, ಈಗಲೇ ಕೇಳಿ, ಬೇಸಿಗೆ ರಜೆ ಶುರುವಾದ್ರೆ ಹುಡುಕೋದು ಕಷ್ಟ. ಸಿಕ್ಕಿದ್ರೆ ಯಾವ ಪ್ರಶ್ನೇಲಿ ಅಂಕ ಹೋಗಿದೆ ಅಂತ ಇಲ್ಲಿ ಬರೆದು ಹಾಕಿ, ನೋಡ್ತೀನಿ.